ರಟ್ಟಿನ ದುರ್ಬೀನು ಮಾಡಿದೆವು, 32ರಲ್ಲಿ 17 ಮಕ್ಕಳು ನೀಲಕಂಠಕ್ಕೆ ಟಿಕ್ ಹಾಕಿದ್ದಾರೆ. ತಪ್ಪಿರುವುದು ಎಲ್ಲಿ?

ಹುಣಸೆಮರದ ಟೀಚರ್

ಎಲ್ಲರಿಗೂ ನಮಸ್ಕಾರ. ಶಿರಾ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿಗೆ ಪಾಠ ಮಾಡುತ್ತೇನೆ. ನಮ್ಮ ಮೈದಾನದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಒಂದು ಹಳೆಯ ಹುಣಸೆ ಮರ, ನಾಲ್ಕು ಹೊಂಗೆ, ಬಾವುಟದ ಕಂಬ, ಅಡುಗೆ ಕೋಣೆಯ ಪಕ್ಕ ತಟ್ಟೆ ತೊಳೆಯುವ ನಲ್ಲಿ ಸಾಲು. ಕಾಂಪೌಂಡಿನ ಆಚೆ ಕರೆಂಟ್ ತಂತಿ, ಅದರಾಚೆ ಕೊಯ್ದ ರಾಗಿ ಹೊಲ. ಅಷ್ಟೇ.

ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿಟ್ಟಿರುವ ರಟ್ಟಿನ ಕೊಳವೆ ಇರುತ್ತದಲ್ಲ, ಅದನ್ನು ಕೇಳಿ ತಂದು ಗರಗಸದಿಂದ ತುಂಡು ಮಾಡಿ, ಎರಡೆರಡನ್ನು ಅಂಟಿಸಿ, ದಾರ ಕಟ್ಟಿ ಮಕ್ಕಳ ಕೊರಳಿಗೆ ಹಾಕಿದೆ. ಲೆನ್ಸ್ ಇಲ್ಲ, ಬರೀ ಕೊಳವೆ. ಜೊತೆಗೆ ಒಬ್ಬೊಬ್ಬರಿಗೂ ಒಂದೊಂದು ಪಟ್ಟಿ. 15 ಹಕ್ಕಿಗಳ ಹೆಸರು, ಪಕ್ಕದಲ್ಲಿ ಟಿಕ್ ಹಾಕಲು ಚೌಕ, ಎಷ್ಟು ಕಂಡವು ಎಂದು ಬರೆಯಲು ಜಾಗ. ನಾಲ್ಕು ನಾಲ್ಕು ಮಕ್ಕಳ ಎಂಟು ಗುಂಪು ಮಾಡಿ ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಅರ್ಧ ಗಂಟೆ ಬಿಟ್ಟೆ.

ಪಟ್ಟಿ ವಾಪಸ್ ಬಂದಾಗ ನೋಡಿದರೆ 17 ಮಕ್ಕಳು ನೀಲಕಂಠ ಕಂಡಿದ್ದಾರೆ! ನಾನು ಈ ಶಾಲೆಗೆ ಬಂದು ಆರು ವರ್ಷ ಆಯಿತು, ಒಂದು ಸಲವೂ ಕಂಡಿಲ್ಲ. ಗೊರವಂಕ ಎಲ್ಲ ಗುಂಪು ಸೇರಿ 41. ಅಷ್ಟೊಂದು ಗೊರವಂಕ ನಮ್ಮ ಇಡೀ ಊರಲ್ಲಿದ್ದರೆ ಹೆಚ್ಚು.

ಮಕ್ಕಳು ಸುಳ್ಳು ಬರೆದಿಲ್ಲ ಅಂತ ನನಗೆ ಗೊತ್ತು. ಲೆನ್ಸ್ ಇಲ್ಲದ್ದಕ್ಕೆ ಹೀಗಾಯಿತಾ? ಲೆನ್ಸ್ ಹಾಕಿದರೆ ಸರಿ ಹೋಗುತ್ತದಾ? ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಚಿಂಟು ಅಪ್ಪ

ಮೇಡಂ ನನ್ನ ಮಗನೂ ಆರನೇ ಕ್ಲಾಸು. ಎರಡು ಸಾವಿರದ ಒಳಗೆ ಯಾವ ಬೈನಾಕ್ಯುಲರ್ ತೆಗೆದುಕೊಂಡರೆ ಒಳ್ಳೆಯದು? ಆನ್‌ಲೈನಲ್ಲಿ ನೂರು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು ಒಂದಿದೆ.

ಮಂಡ್ಯ ಹೈದ

ಚಿಂಟು ಅಪ್ಪಾ, ಮೇಡಂ ಮಾರುತ್ತಿಲ್ಲ, ಮಾಡುತ್ತಿದ್ದಾರೆ 😀

ಸೈನ್ಸ್ ಕಿಟ್

ಲೆನ್ಸ್ ಹಾಕಿ ಮೇಡಂ, ಸುಮ್ನೆ ಕೊಳವೆಯಿಂದ ಏನೂ ಪ್ರಯೋಜನ ಇಲ್ಲ. ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ಲ್ಯಾಬಿನ ಪೆಟ್ಟಿಗೆಯಲ್ಲಿ ಪೀನ ಮಸೂರ ಇದ್ದೇ ಇರುತ್ತದೆ. 20 ಸೆಂ.ಮೀ. ಸಂಗಮ ದೂರದ್ದು ಮುಂದೆ, 5 ಸೆಂ.ಮೀ.ದು ಕಣ್ಣಿನ ಕಡೆ. ಎರಡರ ನಡುವೆ 25 ಸೆಂ.ಮೀ. ಕೊಳವೆ. 20ನ್ನು 5ರಿಂದ ಭಾಗಿಸಿ, ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ. ಖರ್ಚೇ ಇಲ್ಲ.

ಕನ್ನಡಕದಂಗಡಿ

ಲೆಕ್ಕ ಸರಿ ಇದೆ ಸಾರ್. ಆದರೆ ಹಕ್ಕಿ ತಲೆಕೆಳಗಾಗಿ ಕಾಣುತ್ತದೆ! ಎಡಬಲವೂ ಅದಲು ಬದಲು. ಹಕ್ಕಿ ಬಲಕ್ಕೆ ಹಾರಿದರೆ ಹುಡುಗ ಕೊಳವೆಯನ್ನು ಎಡಕ್ಕೆ ತಿರುಗಿಸುತ್ತಾನೆ. ಚಂದ್ರನನ್ನು ನೋಡಲು ಪರವಾಗಿಲ್ಲ, ಚಂದ್ರ ಎಲ್ಲಿಗೂ ಹಾರಿ ಹೋಗುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವ ಬೈನಾಕ್ಯುಲರ್ ಒಳಗೆ ಪ್ರಿಸಂ ಇರುವುದೇ ಆ ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡಲು.

ನೆಟ್ಟಗೆ ಕಾಣಬೇಕು ಎಂದರೆ ಕಣ್ಣಿನ ಕಡೆ ನಿಮ್ನ ಮಸೂರ ಹಾಕಬೇಕು. ನಾನು ನನ್ನ ಮಗಳಿಗೆ ಮಾಡಿಕೊಟ್ಟಿದ್ದೇನೆ. ಮುಂದೆ ಪ್ಲಸ್ 3 ಪವರ್ ಗಾಜು, ಓದುವ ಕನ್ನಡಕದ್ದು. ಕಣ್ಣಿನ ಹತ್ತಿರ ಮೈನಸ್ 10. ಪ್ಲಸ್ 3 ಎಂದರೆ ಸುಮಾರು 33 ಸೆಂ.ಮೀ., ಮೈನಸ್ 10 ಎಂದರೆ 10 ಸೆಂ.ಮೀ. ಕಳೆದರೆ 23, ಅದೇ ಕೊಳವೆ ಉದ್ದ. ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ದೊಡ್ಡದಾಗಿ ಕಾಣುತ್ತದೆ. ಒಂದು ಕೊಳವೆ ಇನ್ನೊಂದರ ಒಳಗೆ ಜಾರುವ ಹಾಗೆ ಮಾಡಿದರೆ ಫೋಕಸ್ ಸರಿ ಮಾಡಿಕೊಳ್ಳಬಹುದು. ಮುಂದಿನ ಗಾಜಿಗೆ ಕಪ್ಪು ಕಾಗದ ಅಂಟಿಸಿ ನಡುವೆ 3 ಸೆಂ.ಮೀ. ತೂತು ಮಾತ್ರ ಬಿಡಿ. ಪೂರ್ತಿ ಗಾಜು ಬಿಟ್ಟರೆ ಅಂಚಿನಲ್ಲಿ ಬಣ್ಣ ಬಣ್ಣದ ಮಸುಕು ಬರುತ್ತದೆ. ಯಾವ ಕನ್ನಡಕದಂಗಡಿಯಲ್ಲಿ ಕೇಳಿದರೂ ಗೀರು ಬಿದ್ದ, ತಪ್ಪು ನಂಬರಿನ ಗಾಜು ಒಂದು ಡಬ್ಬಿ ತುಂಬ ಇರುತ್ತದೆ.

ಒಂದೇ ಕೊಳವೆ ಮಾಡಿ. ಎರಡು ಮಾಡಲು ಹೋಗಬೇಡಿ. ನಾನು ಹೋಗಿ ಕೈ ಸುಟ್ಟುಕೊಂಡಿದ್ದೇನೆ. ಎರಡು ಕೊಳವೆ ಕೂದಲೆಳೆಯಷ್ಟು ಓರೆ ಆದರೂ ಒಂದು ಹಕ್ಕಿ ಎರಡಾಗಿ ಕಾಣುತ್ತದೆ, ಹತ್ತು ನಿಮಿಷಕ್ಕೆ ತಲೆನೋವು. ಮಗಳು "ಅಪ್ಪಾ ಜೋಡಿ ಹಕ್ಕಿ" ಎಂದಾಗ ನಾನೂ ನಂಬಿಬಿಟ್ಟಿದ್ದೆ.

ಸೈನ್ಸ್ ಕಿಟ್

ಒಪ್ಪಿದೆ. ಆದರೆ ನಿಮ್ಮದರಲ್ಲಿ ಕಾಣುವ ಜಾಗ ತುಂಬ ಕಿರಿದು ಅಲ್ವಾ? ತಲೆಕೆಳಗಾದರೂ ನನ್ನದರಲ್ಲಿ ಅಗಲವಾಗಿ ಕಾಣುತ್ತದೆ. ಎರಡು ದಿನದಲ್ಲಿ ಮಕ್ಕಳಿಗೆ ಅಭ್ಯಾಸ ಆಗುತ್ತದೆ.

ಕನ್ನಡಕದಂಗಡಿ

ಕಿರಿದು, ನಿಜ. 20 ಮೀಟರ್ ದೂರದ ಮರದಲ್ಲಿ ಒಂದು ಮೀಟರ್ ಅಗಲ ಕೂಡ ಪೂರ್ತಿ ಕಾಣುವುದಿಲ್ಲ. ಕೂತ ಹಕ್ಕಿಗೆ ಸರಿ, ಜಿಗಿಯುವ ಹಕ್ಕಿಗೆ ಕಷ್ಟ. ಅಭ್ಯಾಸದ ಮಾತು ಮಾತ್ರ ನನಗೆ ನಂಬಿಕೆ ಇಲ್ಲ.

ಕೆರೆ ಏರಿ

ಮೇಡಂ, ಇಪ್ಪತ್ತು ವರ್ಷದಿಂದ ಹಕ್ಕಿ ಲೆಕ್ಕ ಮಾಡುತ್ತಿದ್ದೇನೆ. ಲೆನ್ಸ್ ವಿಷಯ ಸ್ವಲ್ಪ ಪಕ್ಕಕ್ಕಿಡಿ. ನಿಮ್ಮ ಕೊಳವೆ ತಪ್ಪು ಮಾಡಿಲ್ಲ, ಪಟ್ಟಿ ತಪ್ಪು ಮಾಡಿಸಿದೆ ಎಂದು ನನ್ನ ಅನುಮಾನ. ಮೂರು ಪ್ರಶ್ನೆ ಕೇಳುತ್ತೇನೆ. ಆ ಹಕ್ಕಿ ಎಲ್ಲಿ ಕೂತಿತ್ತು? ಕೊಕ್ಕು ಯಾವ ಬಣ್ಣ? ನಿಮ್ಮ 15 ಹೆಸರಿನಲ್ಲಿ ಮಿಂಚುಳ್ಳಿ ಇತ್ತಾ?

ಹುಣಸೆಮರದ ಟೀಚರ್

ಕರೆಂಟ್ ತಂತಿ ಮೇಲೆ ಕೂತಿತ್ತಂತೆ. ಕೊಕ್ಕು ಕೇಳಿದೆ, ಮೂರು ನಾಲ್ಕು ಮಕ್ಕಳು ಕೆಂಪು ಎಂದರು, ಉಳಿದವರು ನೋಡಿಲ್ಲ. ಮಿಂಚುಳ್ಳಿ ಪಟ್ಟಿಯಲ್ಲಿ ಇಲ್ಲ ಸಾರ್. ನಮ್ಮ ಶಾಲೆ ಹತ್ತಿರ ಕೆರೆ ಇಲ್ಲವಲ್ಲ ಎಂದು ಬಿಟ್ಟೆ.

ಕೆರೆ ಏರಿ

ಅಲ್ಲೇ ಇದೆ ನೋಡಿ. ಬಿಳಿ ಎದೆಯ ಮಿಂಚುಳ್ಳಿಗೆ ಕೆರೆಯೇ ಬೇಕು ಅಂತಿಲ್ಲ. ಮಿಡತೆ, ಹಲ್ಲಿ, ಓತಿಕ್ಯಾತ ಹಿಡಿದು ತಿಂದುಕೊಂಡು ಹೊಲದ ಪಕ್ಕದ ತಂತಿ ಮೇಲೆ ಆರಾಮಾಗಿ ಇರುತ್ತದೆ. ಮಕ್ಕಳು ಒಂದು ನೀಲಿ ಹಕ್ಕಿ ನೋಡಿದರು. ನಿಜವಾಗಿಯೂ ನೋಡಿದರು. ಪಟ್ಟಿಯಲ್ಲಿ ಹುಡುಕಿದರೆ ನೀಲಿ ಅಂತ ಇರುವ ಹೆಸರು ಒಂದೇ. ಟಿಕ್ ಹಾಕಿದರು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಇನ್ನೊಂದು ತಮಾಷೆ ಇದೆ. ನಮ್ಮ ರಾಜ್ಯಪಕ್ಷಿಗೆ ನೀಲಕಂಠ ಎಂದು ಹೆಸರು, ಆದರೆ ಅದರ ಕಂಠ ನೀಲಿಯಲ್ಲ. ಕಂದು ಬಣ್ಣಕ್ಕೆ ಸ್ವಲ್ಪ ನೇರಳೆ ಬೆರೆಸಿ ಗೀರು ಎಳೆದ ಹಾಗೆ ಇರುತ್ತದೆ. ತಂತಿ ಮೇಲೆ ಸುಮ್ಮನೆ ಕೂತಾಗ ಮಂಕಾಗಿ, ಕಂದಾಗಿಯೇ ಕಾಣುವುದು ಜಾಸ್ತಿ. ಹಾರಿದಾಗ ರೆಕ್ಕೆಯಲ್ಲಿ ತಿಳಿ ನೀಲಿ, ಕಡು ನೀಲಿ ಪಟ್ಟೆ ಒಮ್ಮೆಲೇ ಹೊಳೆಯುತ್ತವೆ. ಮಿಂಚುಳ್ಳಿ ಹಾಗಲ್ಲ, ಕೂತಾಗಲೇ ಬೆನ್ನು ನೀಲಿ, ತಲೆ ಚಾಕೊಲೇಟ್ ಬಣ್ಣ, ಎದೆ ಬೆಳ್ಳಗೆ. ಹಾರಿದರೆ ರೆಕ್ಕೆಯಲ್ಲಿ ಬಿಳಿ ಮಚ್ಚೆ. ಕೊಕ್ಕು ಉದ್ದ, ದಪ್ಪ, ಕೆಂಪು. ಗಾತ್ರ ನೋಡಿ ತೀರ್ಮಾನ ಮಾಡಲು ಹೋಗಬೇಡಿ, ಎರಡೂ ಗೊರವಂಕಕ್ಕಿಂತ ಸ್ವಲ್ಪ ದೊಡ್ಡವು. ಎರಡೂ ತಂತಿಯಿಂದ ನೆಲಕ್ಕೆ ಧುಮುಕಿ ಹುಳ ಹಿಡಿಯುತ್ತವೆ. ಹಾಗಾಗಿ ಕೊಕ್ಕು ಮತ್ತು ಹಾರುವಾಗ ರೆಕ್ಕೆ, ಇವೆರಡೇ ಸಾಕ್ಷಿ.

ಪಟ್ಟಿಯನ್ನು ತಿರುಗಿಸಿ ಬರೆಯಿರಿ. ಹೆಸರು ಮೊದಲು ಬೇಡ, ಕೊನೆಗೆ ಬರಲಿ. ಮೊದಲು ಎಲ್ಲಿ ಕೂತಿತ್ತು, ಆಮೇಲೆ ಗುಬ್ಬಿಯಷ್ಟಾ ಗೊರವಂಕದಷ್ಟಾ ಕಾಗೆಯಷ್ಟಾ, ಆಮೇಲೆ ಕೊಕ್ಕು, ಆಮೇಲೆ ಏನು ಮಾಡುತ್ತಿತ್ತು. ಹೆಸರಿನ ಜಾಗ ಖಾಲಿ ಬಿಟ್ಟರೂ ಮಾರ್ಕು ಕಡಿಮೆ ಆಗುವುದಿಲ್ಲ ಎಂದು ಮೊದಲೇ ಹೇಳಿ. ಇದನ್ನು ಹೇಳದಿದ್ದರೆ ಯಾವ ಮಗುವೂ ಖಾಲಿ ಬಿಡುವುದಿಲ್ಲ.

ನಿವೃತ್ತ ಮೇಷ್ಟ್ರು

ಕೆರೆ ಏರಿಯವರ ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಹೆಸರಿನ ಪಟ್ಟಿಯೇ ಕೊಡದಿದ್ದರೆ ಮಕ್ಕಳಿಗೆ ಏನು ಹುಡುಕಬೇಕೆಂದೇ ತಿಳಿಯುವುದಿಲ್ಲ. ನಾನು ಸರ್ವಿಸಿನಲ್ಲಿದ್ದಾಗ ಒಮ್ಮೆ ಖಾಲಿ ಹಾಳೆ ಕೊಟ್ಟು ಬಿಟ್ಟಿದ್ದೆ. "ಕಪ್ಪು ಹಕ್ಕಿ, ಕಪ್ಪು ಹಕ್ಕಿ, ಇನ್ನೊಂದು ಕಪ್ಪು ಹಕ್ಕಿ" ಎಂದು ಪುಟ ತುಂಬಿಸಿ ತಂದರು. ಕಾಗೆ, ಕಾಜಾಣ, ಗಂಡು ಕೋಗಿಲೆ ಎಲ್ಲ ಅದರಲ್ಲೇ. ಎಂಟು ಹತ್ತು ಹೆಸರಾದರೂ ಇರಲಿ. ಅದರಲ್ಲಿ ಖಂಡಿತ ಸಿಗುವಂಥವೇ ಇರಲಿ.

ಕೆರೆ ಏರಿ

ಮೇಷ್ಟ್ರೇ, ಆ ಕಪ್ಪು ಹಕ್ಕಿಗಳಿಗೆ ಇನ್ನೊಂದು ಕಾರಣವೂ ಇರಬಹುದು. ಮಕ್ಕಳು ಯಾವ ಕಡೆ ಮುಖ ಮಾಡಿ ನಿಂತಿದ್ದರು? ಬೆಳಿಗ್ಗೆ ಪೂರ್ವಕ್ಕೆ ನೋಡಿದರೆ ಚೋರೆ ಹಕ್ಕಿಯೂ ಕಪ್ಪೇ. ಸೂರ್ಯ ಬೆನ್ನ ಹಿಂದೆ ಇರಬೇಕು.

ಮೇಡಂ, ಲೆನ್ಸ್ ಹಾಕುವುದಾದರೆ ಇದು ಬರೀ ಬಣ್ಣದ ಮಾತಲ್ಲ. ಲೆನ್ಸ್ ಇರುವ ಕೊಳವೆ ಸೂರ್ಯನ ಕಡೆ ಹೋದರೆ ಕಣ್ಣಿಗೇ ಅಪಾಯ. ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಲೆನ್ಸಿನ ಕೊಳವೆ ಹಿಡಿದವರು ಗೆರೆ ಮೇಲೆ ಪಶ್ಚಿಮಕ್ಕೆ ಮುಖ ಮಾಡಿಯೇ ನಿಲ್ಲಬೇಕು, ಪಕ್ಕದಲ್ಲಿ ನೀವೇ ಇರಬೇಕು. 32 ಮಕ್ಕಳ ಕೈಗೆ ಕೊಡುವ ವಸ್ತುವಲ್ಲ ಅದು. ತರಗತಿಗೆ ಒಂದೇ ಸಾಕು.

ಹುಣಸೆಮರದ ಟೀಚರ್

ಅಯ್ಯೋ, ನಮ್ಮ ಮಕ್ಕಳು ಪೂರ್ವಕ್ಕೇ ನಿಂತಿದ್ದರು. ತಂತಿ ಇರುವುದು ಆ ಕಡೆಯೇ. ಹಾಗಾದರೆ ಖಾಲಿ ಕೊಳವೆಯಿಂದ ಏನೂ ಉಪಯೋಗ ಇಲ್ಲವಾ? ಸೈನ್ಸ್ ಕಿಟ್ ಅವರು ಹೇಳಿದ ಹಾಗೆ?

ಕೆರೆ ಏರಿ

ಇದೆ. ಅದು ದೊಡ್ಡದು ಮಾಡುವುದಿಲ್ಲ, ಆದರೆ ಅಕ್ಕಪಕ್ಕದ್ದನ್ನು ಮರೆ ಮಾಡುತ್ತದೆ. ಪಕ್ಕದ ಹುಡುಗ, ಬೀದಿ ನಾಯಿ, ಬಿಸಿಲಿನ ಝಳ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಒಂದೇ ಹಕ್ಕಿ ಮೇಲೆ ಅರ್ಧ ನಿಮಿಷ ಕಣ್ಣು ನಿಲ್ಲುತ್ತದೆ. ಜೊತೆಗೆ ಒಂದು ರೂಢಿ ಕಲಿಸಬಹುದು: ಮೊದಲು ಬರಿಗಣ್ಣಲ್ಲಿ ಹಕ್ಕಿ ನೋಡು, ಕಣ್ಣು ಕದಲಿಸಬೇಡ, ಕೊಳವೆಯನ್ನು ಕಣ್ಣಿಗೆ ತಾ. ಮಕ್ಕಳು ಉಲ್ಟಾ ಮಾಡುತ್ತಾರೆ. ಕೊಳವೆ ಕಣ್ಣಿಗಿಟ್ಟುಕೊಂಡು ಆಕಾಶವೆಲ್ಲ ಹುಡುಕುತ್ತಾರೆ. ನಾಳೆ ನಿಜವಾದ ಬೈನಾಕ್ಯುಲರ್ ಸಿಕ್ಕಿದರೂ ಅದೇ ರೂಢಿ ಬೇಕು.

ನಿಮ್ಮ ಕೊಳವೆ ಅಳತೆ ಎಷ್ಟು?

ಹುಣಸೆಮರದ ಟೀಚರ್

ಅಗಲ 4 ಸೆಂ.ಮೀ., ಉದ್ದ 30. ಉದ್ದ ಇದ್ದರೆ ದೂರ ಕಾಣುತ್ತದೆ ಎಂದು ಮಕ್ಕಳೇ ಹೇಳಿದರು, ನಾನೂ ಹೂಂ ಎಂದೆ 🙈

ಕನ್ನಡಕದಂಗಡಿ

ಅದನ್ನು 12ಕ್ಕೆ ಕತ್ತರಿಸಿ ಮೇಡಂ. ಲೆಕ್ಕ ಸುಲಭ. 30 ಉದ್ದದ ಕೊಳವೆಯಲ್ಲಿ 20 ಮೀಟರ್ ದೂರದ ಮರ ನೋಡಿದರೆ ಎರಡೂವರೆ ಮೀಟರ್ ಚಿಲ್ಲರೆ ಅಗಲ ಕಾಣುತ್ತದೆ. 12ಕ್ಕೆ ಕತ್ತರಿಸಿದರೆ ಆರೂವರೆ ಮೀಟರ್. ಹಕ್ಕಿ ಸಿಗುವುದು ಸುಲಭ. ಎರಡು ಕೊಳವೆಯನ್ನು ಒತ್ತಾಗಿ ಅಂಟಿಸಿದ್ದೀರಾ? ಹಾಗಿದ್ದರೆ ಮಕ್ಕಳು ಒಂದೇ ಕಣ್ಣಲ್ಲಿ ನೋಡುತ್ತಿರುತ್ತಾರೆ, ಗಮನಿಸಿ. ಆ ವಯಸ್ಸಿನವರ ಎರಡು ಕಣ್ಣಿನ ಪಾಪೆ ನಡುವೆ ಐದು, ಐದೂವರೆ ಸೆಂ.ಮೀ. ಅಂತರ. ನಿಮ್ಮ ಕೊಳವೆಗಳ ನಡುವೆ ನಾಲ್ಕೇ ಆಯಿತು. ಮಧ್ಯೆ ಒಂದು ಖಾಲಿ ಬೆಂಕಿಪೊಟ್ಟಣ ಇಟ್ಟು, ಅದರ ದಪ್ಪದಷ್ಟು ಜಾಗ ಬಿಟ್ಟು ಅಂಟಿಸಿ. ಸರಿಯಾಗಿ ಕೂರುತ್ತದೆ.

ಮಂಡ್ಯ ಹೈದ

ನಮ್ಮ ಕಾಲದಲ್ಲಿ ಬೆಂಕಿಪೊಟ್ಟಣದಲ್ಲಿ ಫೋನ್ ಮಾಡುತ್ತಿದ್ದೆವು, ಈಗ ದುರ್ಬೀನು. ಅದಿರಲಿ, 41 ಗೊರವಂಕದ ಕಥೆ ಏನಾಯಿತು?

ಹುಣಸೆಮರದ ಟೀಚರ್

ಎಂಟು ಗುಂಪಿನ ಲೆಕ್ಕ ಹೀಗಿದೆ: 6, 9, 5, 7, 4, 3, 5, 2. ಕೂಡಿಸಿದರೆ 41.

ಕೆರೆ ಏರಿ

ಕೂಡಿಸಬೇಡಿ. ಅದೇ ಹಕ್ಕಿಗಳು ಹುಣಸೆ ಮರದಿಂದ ನಲ್ಲಿ ಹತ್ತಿರ, ಅಲ್ಲಿಂದ ಮತ್ತೆ ಮರಕ್ಕೆ ಓಡಾಡಿರುತ್ತವೆ. ಎಲ್ಲ ಗುಂಪಿನವರೂ ಅವನ್ನೇ ಎಣಿಸಿದ್ದಾರೆ. ಒಂದೇ ಹೊತ್ತಿಗೆ ಒಟ್ಟಿಗೆ ಕಂಡದ್ದರಲ್ಲಿ ದೊಡ್ಡ ಸಂಖ್ಯೆ 9 ತಾನೇ? ಹಾಗಾದರೆ 9 ಎಂದು ಬರೆಯಿರಿ. ಕನಿಷ್ಠ ಒಂಬತ್ತು ಇದ್ದವು, ಇದು ಗ್ಯಾರಂಟಿ.

ನಿವೃತ್ತ ಮೇಷ್ಟ್ರು

ಇದು ನನಗೆ ಸರಿ ಕಾಣುವುದಿಲ್ಲ. ಒಂದು ಗುಂಪು ಅಡುಗೆ ಕೋಣೆ ಹತ್ತಿರ 9 ಎಣಿಸಿ, ಅದೇ ಹೊತ್ತಿಗೆ ಇನ್ನೊಂದು ಗುಂಪು ಗೇಟಿನ ಹತ್ತಿರ 7 ಎಣಿಸಿದ್ದರೆ 16 ಇದ್ದ ಹಾಗಾಯಿತಲ್ಲ? 9 ಎಂದರೆ ಮಕ್ಕಳ ಲೆಕ್ಕಕ್ಕೆ ಮೋಸ.

ಕೆರೆ ಏರಿ

ಅದೇ ಹೊತ್ತಿಗೆ ಎನ್ನುವುದು ಗೊತ್ತಿದ್ದರೆ ಕೂಡಿಸಬಹುದು. ಇವರ ಹಾಳೆಯಲ್ಲಿ ಸಮಯವೇ ಇಲ್ಲವಲ್ಲ.

ನಿವೃತ್ತ ಮೇಷ್ಟ್ರು

ಹಾಗಾದರೆ ಸೀಟಿ ಊದಿ. ಮೈದಾನವನ್ನು ನಾಲ್ಕು ಭಾಗ ಮಾಡಿ, ಸೀಟಿ ಊದಿದಾಗ ಎಲ್ಲರೂ ತಮ್ಮ ತಮ್ಮ ಭಾಗದಲ್ಲಿ ಗೊರವಂಕ ಮಾತ್ರ ಎಣಿಸಿ ಕೈ ಎತ್ತಲಿ. ಆಗ ಕೂಡಿಸಿ.

ಕೆರೆ ಏರಿ

ಒಳ್ಳೆಯ ಉಪಾಯ. ಸೀಟಿಗೆ ಹಕ್ಕಿ ಹಾರದಿದ್ದರೆ!

ಮಂಡ್ಯ ಹೈದ

ಪಿ.ಟಿ. ಮೇಷ್ಟ್ರ ಸೀಟಿ ಕೇಳಿ ಕೇಳಿ ಆ ಗೊರವಂಕಗಳೂ ಸಾಲಾಗಿ ನಿಲ್ಲುತ್ತವೆ ಬಿಡಿ.

ಹುಣಸೆಮರದ ಟೀಚರ್ (ಹತ್ತು ದಿನದ ನಂತರ)

ತಡವಾಯಿತು, ಕ್ಷಮಿಸಿ. ಶನಿವಾರ ಬೆಳಗಿನ ಶಾಲೆ ಇತ್ತು, ಎಂಟೂಕಾಲಿಗೇ ಮೈದಾನಕ್ಕೆ ಇಳಿದೆವು. ಕೊಳವೆ 12 ಸೆಂ.ಮೀ.ಗೆ ಕತ್ತರಿಸಿ ಬೆಂಕಿಪೊಟ್ಟಣ ಇಟ್ಟು ಅಂಟಿಸಿದ್ದೆ. "ಮಿಸ್, ಈಗ ಒಂದೇ ವೃತ್ತ ಕಾಣುತ್ತದೆ" ಎಂದು ಒಬ್ಬ ಕೂಗಿದ. ಅಂದರೆ ಹೋದ ಸಲ ಎರಡು ಕಾಣುತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ.

ಹೊಸ ಪಟ್ಟಿಯಲ್ಲಿ ಹತ್ತು ಹೆಸರು ಇಟ್ಟೆ, ಮೇಷ್ಟ್ರ ಮಾತಿಗೆ. ಕಾಗೆ, ಗೊರವಂಕ, ಪಿಕಳಾರ, ಕಾಜಾಣ, ಚೋರೆ ಹಕ್ಕಿ, ಹರಟೆಮಲ್ಲ, ಸೂರಕ್ಕಿ, ಹದ್ದು, ಮಿಂಚುಳ್ಳಿ, ನೀಲಕಂಠ. ಆದರೆ ಅವನ್ನು ಹಾಳೆಯ ಹಿಂಬದಿಗೆ ಬರೆದೆ. ಮುಂದೆ ನಾಲ್ಕು ಪ್ರಶ್ನೆ. ಹೆಸರಿನ ಜಾಗ ಖಾಲಿ ಬಿಡಬಹುದು ಎಂದು ಮೂರು ಸಲ ಹೇಳಿದೆ.

ನೀಲಿ ಹಕ್ಕಿ ಮತ್ತೆ ಬಂತು, ಅದೇ ತಂತಿಗೆ. ಈ ಸಲ ಗೇಟಿನಿಂದ ಆಚೆ ಹೋಗಿ ಸೂರ್ಯನಿಗೆ ಬೆನ್ನು ಮಾಡಿ ನೋಡಿದೆವು. ಎಲ್ಲರ ಹಾಳೆಯಲ್ಲೂ ಕೆಂಪು ಕೊಕ್ಕು! ಕಣ್ಣೆದುರೇ ರಾಗಿ ಕೂಳೆಗೆ ಧುಮುಕಿ ಮಿಡತೆ ಹಿಡಿದು ಮೇಲೆ ಹೋಗಿ ತಂತಿಗೆ ಪಟಪಟ ಬಡಿಯಿತು. ರೆಕ್ಕೆಯ ಬಿಳಿ ಮಚ್ಚೆ ನಾನೂ ನೋಡಿದೆ. 17 ನೀಲಕಂಠವೂ ಒಂದೇ ಮಿಂಚುಳ್ಳಿ ಆಯಿತು.

ಗೊರವಂಕಕ್ಕೆ ಸೀಟಿ ಊದಿದೆವು. ನಾಲ್ಕು ಭಾಗದಲ್ಲಿ 5, 0, 4, 2. ಒಟ್ಟು 11. ಬಿಸಿಯೂಟದ ದಿನ ತಟ್ಟೆ ತೊಳೆಯುವ ಹೊತ್ತಿಗೆ ಮತ್ತೆ ಸೀಟಿ ಊದಿದರೆ ನಲ್ಲಿ ಹತ್ತಿರವೇ 14, ಜೊತೆಗೆ ಎಣಿಸಲಾಗದಷ್ಟು ಕಾಗೆ. ಬೆಳಗಿನ ಲೆಕ್ಕ, ಮಧ್ಯಾಹ್ನದ ಲೆಕ್ಕ ಬೇರೆ ಬೇರೆ ಹಾಳೆಯಲ್ಲಿ ಇಡಬೇಕೆಂದು ಆಗ ಗೊತ್ತಾಯಿತು. ಹಾಳೆಯ ತಲೆಯಲ್ಲಿ ತಾರೀಖು, ಶುರು ಮಾಡಿದ ಸಮಯ, ಎಷ್ಟು ನಿಮಿಷ ಎಂದು ಬರೆಯುತ್ತಿದ್ದೇವೆ.

ಸೈನ್ಸ್ ಕಿಟ್ ಅವರ ಕೊಳವೆಯೂ ಮಾಡಿದೆವು, ಕನ್ನಡಕದ ಗಾಜಿನದೂ ಮಾಡಿದೆವು, ಒಂದೊಂದು. ಮಕ್ಕಳು ತಲೆಕೆಳಗಾದ ಕಾಗೆ ನೋಡಿ ಬಿದ್ದು ಬಿದ್ದು ನಕ್ಕರು, ಅದಕ್ಕೇ ಜಾಸ್ತಿ ಸರದಿ. ಕೊಕ್ಕು ನೋಡಲು ಮಾತ್ರ ಕನ್ನಡಕದ್ದೇ ಗೆದ್ದಿತು.

ಸೈನ್ಸ್ ಕಿಟ್

ಸರದಿ ಜಾಸ್ತಿ ಇತ್ತಲ್ಲ, ಸಾಕು 😀

ಚಿಂಟು ಅಪ್ಪ

ಮೇಡಂ, ನೂರು ಪಟ್ಟಿನದು ತರಿಸಿದೆ. ಏನೂ ಕಾಣುವುದಿಲ್ಲ, ಎಲ್ಲ ನಡುಗುತ್ತದೆ. ವಾಪಸ್ ಕಳಿಸಿದ್ದೇನೆ. ಮಗ ಈಗ ಪೈಪು ಕೇಳುತ್ತಿದ್ದಾನೆ.

ಕೆರೆ ಏರಿ

ಕೈಯಲ್ಲಿ ಹಿಡಿದು ನೋಡಲು ಎಂಟು ಪಟ್ಟು ಸಾಕು ಸಾರ್, ಅದಕ್ಕಿಂತ ಜಾಸ್ತಿ ಆದರೆ ಕೈ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಮೇಡಂ, ಫೆಬ್ರವರಿಯಲ್ಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂದು ನಾಲ್ಕು ದಿನ ನಡೆಯುತ್ತದೆ. ಒಂದೇ ಜಾಗದಲ್ಲಿ ಕನಿಷ್ಠ 15 ನಿಮಿಷ ನೋಡಿ ಪಟ್ಟಿ ಕಳಿಸಬಹುದು. ನಿಮ್ಮ ಈಗಿನ ಹಾಳೆ ಅದಕ್ಕೆ ಸಾಕು, ತಾರೀಖು, ಸಮಯ, ಸಂಖ್ಯೆ ಎಲ್ಲ ಇದೆ. ಕಾಗೆ, ಗೊರವಂಕ ಮಾಮೂಲಿ ಎಂದು ಬಿಡಬೇಡಿ, ಗುರುತು ಸಿಕ್ಕ ಎಲ್ಲವನ್ನೂ ಬರೆಯಿರಿ.

ಹುಣಸೆಮರದ ಟೀಚರ್

ಕಳಿಸುತ್ತೇವೆ ಸಾರ್. ನಮ್ಮ ಹುಡುಗರಿಗೆ ಕಗ್ಗಲಡು ಕೊಕ್ಕರೆಯೂ ಪಟ್ಟಿಗೆ ಬೇಕಂತೆ. ನಮ್ಮದೇ ತಾಲ್ಲೂಕು, ಅಲ್ಲೂ ಹುಣಸೆ ಮರದ ಮೇಲೇ ಗೂಡು ಕಟ್ಟುತ್ತವೆ, ನಮ್ಮ ಹುಣಸೆಗೆ ಯಾಕೆ ಬರುವುದಿಲ್ಲ ಎಂದು ವಾದ. ಬಂದ ದಿನ ಬರೆಯೋಣ ಎಂದಿದ್ದೇನೆ.

ಒಂದು ವಿಷಯ ಉಳಿದಿದೆ. ಮೊನ್ನೆ ಇಬ್ಬರು ಹುಡುಗಿಯರು ಶಾಲೆಗೆ ಬರುವ ದಾರಿಯಲ್ಲಿ, ನಮ್ಮ ಕಾಂಪೌಂಡಿನ ಹತ್ತಿರವೇ ಒಂದು ಹಕ್ಕಿ ನೋಡಿದ್ದಾರೆ. ಕೂತಾಗ ಕಂದು, ಹಾರಿದಾಗ ನೀಲಿ ಎಂದು ಇಬ್ಬರೂ ಹೇಳುತ್ತಾರೆ. ಚಿತ್ರವನ್ನೂ ಬರೆದಿದ್ದಾರೆ, ಕೊಕ್ಕಿಗೆ ಕಪ್ಪು ತುಂಬಿದ್ದಾರೆ. ಆದರೆ ಅವರು ಬರುವಾಗ ಸೂರ್ಯ ಎದುರಿಗಿದ್ದ. ರೆಕ್ಕೆಯಲ್ಲಿ ಎರಡು ಬಗೆ ನೀಲಿ ಇತ್ತು ಎನ್ನುತ್ತಾಳೆ ಒಬ್ಬಳು, ಬಿಳಿಯೂ ಇತ್ತೇನೋ ಎನ್ನುತ್ತಾಳೆ ಇನ್ನೊಬ್ಬಳು. ನೀಲಕಂಠ ಎಂದು ಬರೆಯಲಾ?

ನಿವೃತ್ತ ಮೇಷ್ಟ್ರು

ಬರೆಯಿರಿ. ಕೂತಾಗ ಕಂದು, ಹಾರಿದಾಗ ನೀಲಿ ಎಂದು ತಾವಾಗಿ ಹೇಳಿದ್ದಾರೆ, ಸುಮ್ಮನೆ ಹೊಳೆಯುವ ಮಾತಲ್ಲ ಅದು.

ಕೆರೆ ಏರಿ

ನೀಲಕಂಠ ಆ ಕಡೆ ಬರುವ ಹಕ್ಕಿಯೇ, ಅದಕ್ಕೆ ಅಡ್ಡಿಯಿಲ್ಲ. ಆದರೆ ಬೆಳಕು ಎದುರಿಗಿದ್ದರೆ ಕೆಂಪು ಕೊಕ್ಕೂ ಕಪ್ಪೇ. ಆ "ಬಿಳಿಯೂ ಇತ್ತೇನೋ" ಇದೆಯಲ್ಲ, ಅದೇ ನನ್ನನ್ನು ತಡೆಯುತ್ತಿದೆ. ನೀವು ತರಗತಿಯಲ್ಲಿ ಎರಡರ ವ್ಯತ್ಯಾಸ ಹೇಳಿಕೊಟ್ಟ ಮೇಲೆ ನೋಡಿದ್ದಾ, ಮೊದಲಾ?

ಹುಣಸೆಮರದ ಟೀಚರ್

ಹೇಳಿಕೊಟ್ಟ ಮಾರನೇ ದಿನ ಸಾರ್.

ಕೆರೆ ಏರಿ

ಹಾಗಾದರೆ ನಾನಿದ್ದರೆ ಬರೆಯುತ್ತಿರಲಿಲ್ಲ. ಮೇಷ್ಟ್ರು ಬೈಯಲಿ, ಪರವಾಗಿಲ್ಲ.

ಹುಣಸೆಮರದ ಟೀಚರ್

ಚಿತ್ರವನ್ನು ಹಾಳೆಗೆ ಪಿನ್ ಮಾಡಿ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಇಬ್ಬರೂ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ದಿನಾ ಎಂಟು ಗಂಟೆಗೇ ಬಂದು, ಸೂರ್ಯ ಬೆನ್ನಿಗೆ ಬರುವ ಹಾಗೆ ಕಾಂಪೌಂಡಿನ ಆಚೆ ಹೋಗಿ ನಿಲ್ಲುತ್ತಾರೆ.